ಸಾವಿರ ಬತ್ತಿಗೆ ₹35: ಮಹಾರಾಷ್ಟ್ರದ ಕಾರ್ಮಿಕ ಆಯುಕ್ತರಿಗೆ ಧಾರಾವಿಯಿಂದ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಆಯುಕ್ತರಿಗೆ ನಮಸ್ಕಾರಗಳು.

ಮನೆಯಲ್ಲಿ ಕುಳಿತು ಊದಿನಬತ್ತಿ ಹೊಸೆಯುವ ಹೆಂಗಸರ ಕೂಲಿಯ ವಿಷಯವಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ಇದರ ಮರಾಠಿ ಪ್ರತಿಯನ್ನು ಬಾಂದ್ರಾ-ಕುರ್ಲಾ ಸಂಕೀರ್ಣದ ಕಾಮಗಾರ ಭವನಕ್ಕೆ ಪ್ರತ್ಯೇಕವಾಗಿ ತಲುಪಿಸುತ್ತೇನೆ. ಕನ್ನಡದಲ್ಲಿ ಬಹಿರಂಗವಾಗಿ ಬರೆಯಲು ಕಾರಣವಿದೆ. ಇದರಲ್ಲಿರುವ ಲೆಕ್ಕ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಧಾರಾವಿಯಲ್ಲಿ ನೆಲೆಸಿದ ಹೆಂಗಸರ ಕೈಕೆಲಸದ ಲೆಕ್ಕ. ಅದು ಸರಿಯೋ ತಪ್ಪೋ ಎಂದು ಮೊದಲು ಓದಿ ಅಥವಾ ಓದಿಸಿ ಕೇಳಿ ಹೇಳಬೇಕಾದವರು ಅವರೇ.

ನಾನು ಒಂದು ಸಣ್ಣ ಕಚೇರಿಯಲ್ಲಿ ಲೆಕ್ಕಪತ್ರ ಬರೆಯುವವಳು. ನನ್ನ ಅವ್ವ ಇದೇ ಬತ್ತಿ ಹೊಸೆದು ನನ್ನನ್ನು ಮುನಿಸಿಪಾಲಿಟಿಯ ಕನ್ನಡ ಶಾಲೆಗೆ ಕಳಿಸಿದಳು. ಅವ್ವ ಈಗಿಲ್ಲ, ಅವಳ ತಂಗಿ ನನ್ನ ಚಿಗವ್ವ ಆ ಕೆಲಸವನ್ನು ಮುಂದುವರಿಸಿದ್ದಾಳೆ. ಕೂಲಿ ಸಾಲದು ಎಂದು ಚಿಗವ್ವ ಹೇಳುವುದನ್ನೂ, ಮನೆಯಲ್ಲಿ ಕುಳಿತಲ್ಲೇ ಹಣ ಬರುತ್ತದಲ್ಲ ಎಂದು ಮಾಲು ಕೊಡುವವರು ಹೇಳುವುದನ್ನೂ ಕೇಳುತ್ತಲೇ ಬೆಳೆದವಳು ನಾನು. ಯಾರ ಮಾತು ಎಷ್ಟು ನಿಜ ಎಂದು ಒಮ್ಮೆ ಗಡಿಯಾರ ಇಟ್ಟು ನೋಡಬೇಕೆನಿಸಿತು. ಕಳೆದ ಮಳೆಗಾಲದಲ್ಲಿ ಆರು ದಿನ ರಜೆ ಹಾಕಿ, ಸೋಮವಾರದಿಂದ ಶನಿವಾರದವರೆಗೆ ಅವಳ ಪಕ್ಕದಲ್ಲಿ ಕುಳಿತು ಪ್ರತಿ ಕೆಲಸದ ಆರಂಭ ಮತ್ತು ಮುಕ್ತಾಯದ ವೇಳೆಯನ್ನು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡೆ. "ಗಡಿಯಾರ ನೋಡಿ ಹೊಸದ್ರ ಕೈ ತಪ್ತದ, ನೀನೇ ಬರಕೋ, ನಾ ನೋಡಂಗಿಲ್ಲ" ಎಂದು ಅವಳು ಮೊದಲೇ ಹೇಳಿದ್ದಳು. ಕೊನೆಯವರೆಗೂ ನೋಡಲಿಲ್ಲ.

ಒಂದು ಮನೆಯ ಆರು ದಿನಗಳ ದಾಖಲೆ ಇಡೀ ಮುಂಬಯಿಯ ಕಥೆಯಾಗದು ಎಂಬುದನ್ನು ಬಲ್ಲೆ. ಆದರೆ ದರವನ್ನು ನಿಗದಿಪಡಿಸುವಾಗ ಏನನ್ನೆಲ್ಲ ಅಳೆಯಬೇಕು ಎಂಬುದಕ್ಕೆ ಇದು ಸಾಕಾಗುತ್ತದೆ.

ಕೆಲಸ ನಡೆಯುವ ಬಗೆಯನ್ನು ಮೊದಲು ಹೇಳುತ್ತೇನೆ. ವ್ಯಾಪಾರಿಯ ಗೋದಾಮಿನಿಂದ ಎಂಟು ಇಂಚಿನ ಬಿದಿರು ಕಡ್ಡಿಯ ಕಟ್ಟುಗಳನ್ನೂ ಕಪ್ಪು ಪುಡಿಯನ್ನೂ ತೂಕ ಮಾಡಿಸಿ ತರಬೇಕು. ಆ ಪುಡಿ ಇದ್ದಿಲು, ಮರದ ಹೊಟ್ಟು ಮತ್ತು ಜಿಗಟಿನ ಮಿಶ್ರಣ. ಜಿಗಟು ಎಂದರೆ ಒಂದು ಜಾತಿಯ ಮರದ ತೊಗಟೆಯ ಪುಡಿ. ನೀರು ತಾಗಿದಾಗ ಅಂಟಾಗಿ, ಉಳಿದೆರಡನ್ನೂ ಕಡ್ಡಿಗೆ ಹಿಡಿದಿಡುವುದು ಅದೇ. ಪುಡಿಯನ್ನು ಜರಡಿ ಹಿಡಿದು, ನೀರು ಹಾಕಿ ರೊಟ್ಟಿ ಹಿಟ್ಟಿನಂತೆ ನಾದಬೇಕು. ನೀರು ಹೆಚ್ಚಾದರೆ ಮಸಾಲೆ ಮಣೆಗೆ ಅಂಟಿ ಬತ್ತಿ ಒಂದೆಡೆ ದಪ್ಪ, ಒಂದೆಡೆ ಸಣ್ಣ ಆಗುತ್ತದೆ. ಕಡಿಮೆಯಾದರೆ ಒಣಗುವಾಗ ಸೀಳು ಬಿಡುತ್ತದೆ. ನಾದಿದ ಉಂಡೆಯಿಂದ ಒಂದು ಚಿವುಟು ಮಸಾಲೆ ಕಿತ್ತು, ಮಣೆಯ ಮೇಲೆ ಕಡ್ಡಿಗೆ ಒತ್ತಿ, ಅಂಗೈಯಿಂದ ಒಮ್ಮೆ ಮುಂದಕ್ಕೆ ಉರುಳಿಸಿ, ಹಿಡಿಯುವ ತುದಿಯನ್ನು ಬರಿದಾಗಿ ಬಿಟ್ಟು, ಒಣ ಪುಡಿಯಲ್ಲಿ ಹೊರಳಿಸಿ ಪಕ್ಕಕ್ಕಿಡುವುದು ಒಂದು ಬತ್ತಿಯ ಕೆಲಸ. ಆಮೇಲೆ ಗೋಣಿತಟ್ಟಿನ ಮೇಲೆ ಹರಡಿ, ಮಗುಚಿ, ಒಣಗಿದ ಮೇಲೆ ಎಣಿಸಿ, ರಬ್ಬರ್ ಹಾಕಿ ಕಟ್ಟು ಕಟ್ಟಿ, ಗೋದಾಮಿಗೆ ಹೊತ್ತು ಹಾಕಿ, ಸರತಿಯಲ್ಲಿ ನಿಂತು ಲೆಕ್ಕ ಒಪ್ಪಿಸಬೇಕು. ಸುಗಂಧದಲ್ಲಿ ಅದ್ದುವುದೂ ಪೊಟ್ಟಣ ಕಟ್ಟುವುದೂ ಬೇರೆಡೆ ನಡೆಯುತ್ತವೆ. ಚಿಗವ್ವನ ಕೈಯಿಂದ ಹೋಗುವುದು ವಾಸನೆಯಿಲ್ಲದ ಕಚ್ಚಾ ಬತ್ತಿ.

ಆ ಆರು ದಿನಗಳಲ್ಲಿ ಚಿಗವ್ವ 18,200 ಬತ್ತಿ ಹೊಸೆದಳು. ಹೊಸೆಯುವುದಕ್ಕೆ ಮಾತ್ರ ಹಿಡಿದ ಸಮಯ 28 ಗಂಟೆ 50 ನಿಮಿಷ. ನಿಮಿಷಕ್ಕೆ ಹತ್ತಕ್ಕೂ ಹೆಚ್ಚು, ಸಾವಿರಕ್ಕೆ ಸುಮಾರು 95 ನಿಮಿಷ. ಇಪ್ಪತ್ತು ವರ್ಷ ಪಳಗಿದ ಕೈಯ ವೇಗವಿದು, ಹೊಸಬರಿಗೆ ಇದರ ಅರ್ಧವೂ ಸಾಗದು. ಸಾವಿರಕ್ಕೆ ₹35ರಂತೆ 18,200ಕ್ಕೆ ₹637 ಆಗುತ್ತದೆ. ಅದನ್ನು ಈ ಸಮಯದಿಂದ ಭಾಗಿಸಿದರೆ ಗಂಟೆಗೆ ₹22 ಬರುತ್ತದೆ. ಮಾಲು ಕೊಡುವವರು ಮನಸ್ಸಿನಲ್ಲಿಟ್ಟುಕೊಂಡಿರುವ ಲೆಕ್ಕ ಇದೇ ಇರಬೇಕು. ದೇಶದ ಯಾವ ರಾಜ್ಯದಲ್ಲೂ ದಿನಗೂಲಿ ಇದಕ್ಕಿಂತ ಕೆಳಗಿರಬಾರದೆಂದು ಕೇಂದ್ರ ಸರ್ಕಾರ 2017ರಲ್ಲಿ ಸೂಚಿಸಿದ ತಳಮಟ್ಟದ ವೇತನ ₹176, ಎಂಟು ಗಂಟೆಗೆ ಹಂಚಿದರೆ ಅದೂ ಸರಿಯಾಗಿ ₹22. ಮೇಲ್ನೋಟಕ್ಕೆ ಹಳೆಯ ತಳಮಟ್ಟವನ್ನಾದರೂ ಮುಟ್ಟಿದಂತೆ ಕಾಣುತ್ತದೆ.

ಮುಟ್ಟಿಲ್ಲ ಎಂಬುದು ನೋಟುಪುಸ್ತಕದ ಉಳಿದ ಪುಟಗಳಲ್ಲಿದೆ. ಗೋದಾಮಿಗೆ ಹೋಗಿ ಬಂದು, ಸರತಿಯಲ್ಲಿ ಕಾದದ್ದು 4 ಗಂಟೆ. ಜರಡಿ ಹಿಡಿದು ನಾದಿದ್ದು ಮೂರೂವರೆ ಗಂಟೆ. ಹರಡಿ, ಮಗುಚಿ, ಮಳೆ ಬಂದಾಗ ಎತ್ತಿ ಒಳಗಿಟ್ಟು ಮತ್ತೆ ಹರಡಿದ್ದು 4 ಗಂಟೆ 10 ನಿಮಿಷ. ಎಣಿಸಿ ಕಟ್ಟಿದ್ದು 4 ಗಂಟೆ, ಅದರಲ್ಲಿ 3 ಗಂಟೆಯ ಕೆಲಸ ಎಂಟನೆಯ ತರಗತಿಯಲ್ಲಿ ಓದುವ ಅವಳ ಮಗಳದ್ದು, ಶಾಲೆಯಿಂದ ಬಂದ ಮೇಲೆ. ಎಲ್ಲ ಕೂಡಿಸಿದರೆ 44 ಗಂಟೆ 30 ನಿಮಿಷ. ಅಂದರೆ ಕೆಲಸದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಮಯಕ್ಕೆ ಯಾವ ದರವೂ ಇಲ್ಲ. ಅದು ಕೆಲಸವೆಂದೇ ಯಾರ ಲೆಕ್ಕಕ್ಕೂ ಬಂದಿಲ್ಲ.

ಇನ್ನು ಕೂಲಿ ಕಡಿತದ ಮಾತು. ಹೊಸೆದ 18,200ರಲ್ಲಿ ಗೋದಾಮಿನಲ್ಲಿ ಒಪ್ಪಿಕೊಂಡದ್ದು 17,000. ಉಳಿದ 1,200 ರಿಜೆಕ್ಟ್ ಆದವು. ಯಾಕಾದವು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಈ ಕೆಲಸದ ಅನ್ಯಾಯ ದರಕ್ಕಿಂತಲೂ ಇಲ್ಲಿ ಚೆನ್ನಾಗಿ ಕಾಣುತ್ತದೆ.

ಗುರುವಾರ ತಂದ ಪುಡಿಯನ್ನು ನಾದಲು ಕುಳಿತ ಕೂಡಲೇ ಚಿಗವ್ವ, "ಇದರಾಗ ಜಿಗಟು ಇಲ್ಲ" ಎಂದಳು. ಹೇಗೆ ಗೊತ್ತಾಯಿತೆಂದು ಕೇಳಿದ್ದಕ್ಕೆ ಒಂದು ಹಿಡಿ ನೆನೆದ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿ ಬೆರಳು ಬಿಚ್ಚಿ ತೋರಿಸಿದಳು. ಜಿಗಟು ಸರಿಯಿದ್ದರೆ ಉಂಡೆ ಬೆರಳಿಗೆ ಅಂಟಿ ಎಳೆ ಬಿಡುತ್ತದೆ, ಇದು ಒದ್ದೆ ಮರಳಿನಂತೆ ಒಡೆದು ಬಿತ್ತು. ಜಿಗಟು ಆ ಮಿಶ್ರಣದಲ್ಲೇ ದುಬಾರಿ ವಸ್ತುವಾದ್ದರಿಂದ ಅದನ್ನು ಕಡಿಮೆ ಹಾಕುವ ಆಸೆ ಮಿಶ್ರಣ ಮಾಡುವವರಿಗೆ ಇದ್ದೇ ಇರುತ್ತದೆ. ಪುಡಿಯನ್ನು ಹಿಂದಿರುಗಿಸಲು ಹೋದರೆ ಒಂದು ದಿನದ ಕೆಲಸ ಹೋಗುತ್ತದೆ, ಮುಂದಿನ ಸಲ ಮಾಲು ಸಿಗುವುದೂ ಖಾತ್ರಿಯಿಲ್ಲ. ಅವಳು ಹೊಸೆದಳು. ಒಣಗಿದ ಮೇಲೆ ಕಟ್ಟು ಕಟ್ಟುವಾಗಲೇ ಮಸಾಲೆ ಉದುರಿ ಅಲ್ಲಲ್ಲಿ ಬಿದಿರು ಕಾಣುತ್ತಿತ್ತು. ಆ ಚೀಲದ 700 ಬತ್ತಿ ರಿಜೆಕ್ಟ್. ಪುಡಿ ಬೆರೆಸಿದವರ ತಪ್ಪಿನ ದಂಡವನ್ನು ಹೊಸೆದವಳು ಕಟ್ಟಿದಳು.

ಉಳಿದ 500 ಹಸಿ ಎಂದು ಹೊರಗೆ ಬಿದ್ದವು. ಇಲ್ಲಿ ತಪ್ಪು ಗೋದಾಮಿನವರದಲ್ಲ ಎಂಬುದನ್ನು ನಾನು ಒಪ್ಪುತ್ತೇನೆ. ಚೆನ್ನಾಗಿ ಒಣಗಿದ ಬತ್ತಿಯನ್ನು ಮೆಲ್ಲಗೆ ಬಗ್ಗಿಸಿದರೆ ಮಸಾಲೆ ಚಟ್ಟನೆ ಬಿರಿಯುತ್ತದೆ, ಹಸಿಯಿದ್ದರೆ ಕಡ್ಡಿಯೊಂದಿಗೆ ಅದೂ ಬಗ್ಗುತ್ತದೆ. ಆ 500 ಬಗ್ಗುತ್ತಿದ್ದವು. ಹಸಿ ಬತ್ತಿಯನ್ನು ಒಟ್ಟಿಟ್ಟರೆ ಬೂಷ್ಟು ಹಿಡಿದು ಪಕ್ಕದ ಕಟ್ಟುಗಳೂ ಕೆಡುತ್ತವೆ, ಆದ್ದರಿಂದ ಅವನ್ನು ಒಳಗೆ ಸೇರಿಸದಿರುವುದು ಸರಿ. ಆದರೆ ಮೇ ತಿಂಗಳಲ್ಲಿ ಅರ್ಧ ದಿನದಲ್ಲಿ ಒಣಗುವ ಬತ್ತಿ ಮುಂಬಯಿಯ ಜುಲೈಯಲ್ಲಿ ಹತ್ತಡಿಯ ಖೋಲಿಯೊಳಗೆ, ಅಡುಗೆಯ ಆವಿಯ ಪಕ್ಕದಲ್ಲಿ, ಫ್ಯಾನಿನ ಕೆಳಗೆ ಎರಡು ದಿನವಾದರೂ ಒಣಗುವುದಿಲ್ಲ. ಮಳೆಗಾಲದಲ್ಲಿ ಒಣಗಿಸುವ ಜಾಗವೂ ಗಾಳಿಯೂ ಕಾರ್ಖಾನೆಯ ಖರ್ಚಾಗಬೇಕಿತ್ತು, ಅದನ್ನು ಮನೆಗೆ ಕಳಿಸಲಾಗಿದೆ. ಆ ಫ್ಯಾನಿನ ಕರೆಂಟನ್ನು ಬೇರೆಯಾಗಿ ಅಳೆಯುವ ದಾರಿ ನನಗೆ ಸಿಗದ ಕಾರಣ ಈ ಲೆಕ್ಕದಲ್ಲಿ ಸೇರಿಸಿಲ್ಲ.

ಎಲ್ಲಕ್ಕಿಂತ ನೋವು ತಂದ ಸಂಗತಿ ಇದು: ರಿಜೆಕ್ಟ್ ಆದ 1,200 ಬತ್ತಿಯನ್ನು ಚಿಗವ್ವನಿಗೆ ಹಿಂದಿರುಗಿಸಲಿಲ್ಲ. ಉದುರಿದ ಬತ್ತಿಯ ಮಸಾಲೆಯನ್ನು ಬಿಡಿಸಿ ಪುಡಿ ಮಾಡಿ ಮತ್ತೆ ಬೆರೆಸಬಹುದು, ಹಸಿಯಾದದ್ದನ್ನು ಹರಡಿದರೆ ಒಣಗಿ ಒಳ್ಳೆಯದೇ ಆಗುತ್ತದೆ. ಕೂಲಿ ಕೊಡದ ಮಾಲು ಗೋದಾಮಿನಲ್ಲೇ ಉಳಿಯಿತು. ಬರಹದಲ್ಲಿ ಏನೂ ಇಲ್ಲದ ಕಾರಣ ಕೇಳುವುದಕ್ಕೂ ಆಧಾರವಿರಲಿಲ್ಲ.

ಒಪ್ಪಿದ 17,000ಕ್ಕೆ ಕೂಲಿ ₹595. ರಬ್ಬರ್ ಮತ್ತು ಹಳೆಯ ಪತ್ರಿಕೆಗೆ ₹18, ಚೀಲ ಸಾಗಿಸಲು ಎರಡು ಸಲ ಹಂಚಿಕೊಂಡ ಕೈಗಾಡಿಗೆ ₹60. ಉಳಿದದ್ದು ₹517. ಅದನ್ನು ನಲವತ್ನಾಲ್ಕೂವರೆ ಗಂಟೆಗೆ ಹಂಚಿದರೆ ಗಂಟೆಗೆ ₹11.62, ಎಂಟು ಗಂಟೆಯ ದಿನಕ್ಕೆ ₹93. ಇದು 2017ರ ಆ ₹176ರ ಅರ್ಧದಷ್ಟು. ಧಾರಾವಿಯ ಇದೇ ಗಲ್ಲಿಗಳಿಂದ ಮನೆಗೆಲಸಕ್ಕೆ ಮಾಟುಂಗಾ, ಸಾಯನ್‌ಗೆ ಹೋಗುವ ಹೆಂಗಸರಿಗೆ ಈ ಮೊತ್ತ ಹೇಳಿದರೆ ನಂಬುವುದಿಲ್ಲ.

ಹಾಗಾದರೆ ಯಾಕೆ ಮಾಡುತ್ತಾರೆ ಎಂದು ಕೇಳುವವರಿಗೆ ಚಿಗವ್ವನ ದಿನಚರಿಯೇ ಉತ್ತರ. ನಳದಲ್ಲಿ ನೀರು ಬರುವ ಹೊತ್ತಿಗೆ ಮನೆಯಲ್ಲಿ ಒಬ್ಬರು ಇರಲೇಬೇಕು. ಹಾಸಿಗೆ ಹಿಡಿದ ಅತ್ತೆಗೆ ಎರಡು ತಾಸಿಗೊಮ್ಮೆ ಎದ್ದು ನೋಡಬೇಕು. ಮನೆ ಬಿಟ್ಟು ಎಂಟು ಗಂಟೆ ಹೊರಗಿರಲು ಆಗದವರಿಗೆ ಬೇರೆ ಕೆಲಸ ಕೊಡುವವರಿಲ್ಲ, ಆ ಅಸಹಾಯಕತೆಯ ಮೇಲೆಯೇ ಈ ದರ ನಿಂತಿದೆ. ಇದನ್ನು ಬಿಡುವಿನ ವೇಳೆಯ ಕೆಲಸವೆಂದು ಕರೆಯುವುದು ಸರಿಯಲ್ಲ. ಬಿಡುವಿನ ಕೆಲಸಕ್ಕೆ ಗಡುವು ಇರುವುದಿಲ್ಲ. ಇದಕ್ಕೆ ಇದೆ: ತಂದ ಮಾಲನ್ನು ಮೂರನೆಯ ದಿನ ಒಪ್ಪಿಸದಿದ್ದರೆ ಮುಂದಿನ ಮಾಲು ಬೇರೆಯವರಿಗೆ ಹೋಗುತ್ತದೆ.

ಈಗ ಕಾನೂನಿನ ವಿಷಯಕ್ಕೆ ಬರುತ್ತೇನೆ. 1948ರ ಕನಿಷ್ಠ ವೇತನ ಕಾಯ್ದೆ ಉದ್ಯೋಗಿ ಎಂಬ ಪದವನ್ನು ವಿವರಿಸುವಾಗಲೇ, ಬೇರೊಬ್ಬರ ವ್ಯಾಪಾರಕ್ಕಾಗಿ ಅವರು ಕೊಟ್ಟ ಸಾಮಗ್ರಿಯನ್ನು ತನ್ನ ಮನೆಯಲ್ಲಿ ತಯಾರು ಮಾಡಿ ಕೊಡುವವರನ್ನೂ ಸೇರಿಸಿತ್ತು. ಅದರ 17ನೆಯ ಕಲಮಿನ ಪ್ರಕಾರ, ತುಂಡು ಲೆಕ್ಕದ ಕೆಲಸಕ್ಕೆ ತುಂಡಿನ ಕನಿಷ್ಠ ದರ ಗೊತ್ತುಪಡಿಸದೆ ಸಮಯದ ಕನಿಷ್ಠ ದರವನ್ನಷ್ಟೇ ಗೊತ್ತುಪಡಿಸಿದ್ದರೆ, ಕೂಲಿ ಆ ಸಮಯದ ದರಕ್ಕಿಂತ ಕಡಿಮೆ ಇರಕೂಡದು. 2025ರ ನವೆಂಬರ್ 21ರಂದು ಜಾರಿಗೆ ಬಂದ 2019ರ ವೇತನ ಸಂಹಿತೆಯಲ್ಲಿ ಈ ಎರಡನೆಯ ನಿಯಮ ಉಳಿದಿದೆ. ಆದರೆ ಅದರ ಉದ್ಯೋಗಿಯ ವ್ಯಾಖ್ಯೆಯಲ್ಲಿ ಮನೆಯಲ್ಲಿ ಮಾಡಿ ಕೊಡುವವರ ಪ್ರತ್ಯೇಕ ಉಲ್ಲೇಖ ಇಲ್ಲ. ಮನೆ ಆಧಾರಿತ ಕಾರ್ಮಿಕರು ಯಾರು ಎಂಬ ವ್ಯಾಖ್ಯೆ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ, ಆದರೆ ಆ ಸಂಹಿತೆ ಕೂಲಿಯ ದರದ್ದಲ್ಲ. ಹೀಗಾಗಿ ಚಿಗವ್ವ ಒಂದು ಕಾನೂನಿನಲ್ಲಿ ಕಾರ್ಮಿಕಳು, ಕೂಲಿ ಹೇಳುವ ಕಾನೂನಿನಲ್ಲಿ ಆಕೆಯ ಜಾಗ ಸ್ಪಷ್ಟವಿಲ್ಲ.

ಇದನ್ನು ಸರಿಪಡಿಸಲು ಸಂಸತ್ತಿಗೆ ಹೋಗಬೇಕಾಗಿಲ್ಲ. ಸಂಬಂಧಪಟ್ಟ ಸರ್ಕಾರವು ಉದ್ಯೋಗಿ ಎಂದು ಘೋಷಿಸಿದ ವ್ಯಕ್ತಿಯೂ ಉದ್ಯೋಗಿಯೇ ಎಂದು ವೇತನ ಸಂಹಿತೆಯ ಅದೇ ವ್ಯಾಖ್ಯೆ ಹೇಳುತ್ತದೆ. ಬೇರೆಯವರು ಕೊಟ್ಟ ಸಾಮಗ್ರಿಯಿಂದ ಮನೆಯಲ್ಲಿ ಬತ್ತಿ ಹೊಸೆಯುವವರನ್ನು ಮಹಾರಾಷ್ಟ್ರ ಸರ್ಕಾರ ಹಾಗೆ ಘೋಷಿಸಲಿ ಎಂಬ ಶಿಫಾರಸನ್ನು ತಾವು ಮಾಡಬೇಕೆಂಬುದು ನನ್ನ ಮೊದಲ ಮತ್ತು ಮುಖ್ಯ ವಿನಂತಿ.

ಘೋಷಣೆಯಾದ ಮೇಲೆ ಸಾವಿರದ ದರವನ್ನು ಹೇಗೆ ಕಟ್ಟಬೇಕು ಎಂಬ ಪ್ರಶ್ನೆ ಬರುತ್ತದೆ. ಹೊಸೆಯುವ ವೇಗವನ್ನಷ್ಟೇ ಅಳೆದರೆ ಈಗಿನ ದರವೇ ಸರಿಯೆಂದು ಕಾಣುವ ಅಪಾಯವಿದೆ, ಆ ₹22ರ ಮಾಯೆಯನ್ನು ಮೇಲೆ ತೋರಿಸಿದ್ದೇನೆ. ತರುವುದು, ನಾದುವುದು, ಒಣಗಿಸುವುದು, ಕಟ್ಟುವುದು ಎಲ್ಲವನ್ನೂ ಸೇರಿಸಿ, ಗೋದಾಮಿನಲ್ಲಲ್ಲದೆ ಮನೆಯಲ್ಲಿ, ಬೇಸಿಗೆಯಲ್ಲಿ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅಳೆಯಬೇಕು. ನನ್ನ ಆರು ದಿನಗಳ ದಾಖಲೆಯನ್ನೇ ಹಿಡಿದರೆ, ಗಂಟೆಗೆ ₹22 ಕೈಗೆ ಉಳಿಯಬೇಕಾದರೆ ಕೂಲಿ ₹979, ಅದಕ್ಕೆ ಖರ್ಚು ₹78 ಸೇರಿ ₹1,057 ಆಗಬೇಕು. ಒಪ್ಪಿದ 17,000ಕ್ಕೆ ಹಂಚಿದರೆ ಸಾವಿರಕ್ಕೆ ₹62. ಇದು ಒಂಬತ್ತು ವರ್ಷ ಹಳೆಯ ತಳಮಟ್ಟಕ್ಕೆ ಬೇಕಾದ ದರ, ಮುಂಬಯಿಯಂಥ ಊರಿನಲ್ಲಿ ಬದುಕುವುದಕ್ಕೆ ಬೇಕಾದದ್ದಲ್ಲ. ಇಪ್ಪತ್ತು ಬತ್ತಿಯ ಪೊಟ್ಟಣಕ್ಕೆ ಈ ₹27ರ ಏರಿಕೆಯನ್ನು ಹಂಚಿದರೆ ಒಂದಕ್ಕೆ 54 ಪೈಸೆ ಬೀಳುತ್ತದೆ.

ದರ ಏರಿದರೆ ಕೆಲಸ ಯಂತ್ರಕ್ಕೆ ಹೋಗುತ್ತದೆ ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. 2020ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಆರಂಭಿಸಿದ ಅಗರಬತ್ತಿ ಯೋಜನೆಯ ಲೆಕ್ಕದಲ್ಲಿ ಒಂದು ಸ್ವಯಂಚಾಲಿತ ಯಂತ್ರ ದಿನಕ್ಕೆ ಸುಮಾರು 80 ಕಿಲೋ ಕಚ್ಚಾ ಬತ್ತಿ ಮಾಡುತ್ತದೆ, ಕೂಲಿ ಕಿಲೋಗೆ ₹15, ನಾಲ್ವರು ದುಡಿದರೆ ತಲೆಗೆ ₹300. ನಾವು ಹೊಸೆಯುವ ಅಳತೆಯ ಸಾವಿರ ಬತ್ತಿ ಸುಮಾರು ಒಂದು ಕಿಲೋ ತೂಗುತ್ತದೆ. ₹62ರ ಕೈ ₹15ರ ಯಂತ್ರದ ಜೊತೆ ಇದ್ದಿಲಿನ ಸಾದಾ ಬತ್ತಿಯಲ್ಲಿ ಪೈಪೋಟಿ ಮಾಡಲಾರದು, ₹35ರ ಕೈಯೂ ಮಾಡಲಾರದು. ಈಗಲೂ ಅದು ಉಳಿದಿರುವುದು ಯಂತ್ರಕ್ಕೆ ಹಣ ಹೂಡಬೇಕು, ಜಾಗ ಬೇಕು, ಕೈಗೆ ಎರಡೂ ಬೇಡ ಎಂಬ ಕಾರಣಕ್ಕೆ. ಜಾಗವೂ ಕರೆಂಟೂ ಚಿಗವ್ವನದ್ದಲ್ಲವೇ? ರಾಳ, ಜೇನು ಬೆರೆಸಿದ ಮೆತ್ತನೆಯ ಮಸಾಲೆ ಬತ್ತಿಯ ಮಾತು ಬೇರೆ. ಆ ಅಂಟು ಹಿಟ್ಟಿಗೆ ಪಳಗಿದ ಅಂಗೈಯೇ ಹೊಂದುತ್ತದೆ, ಅದರ ಬೆಲೆಯೂ ಹೆಚ್ಚು, ಅದು ನ್ಯಾಯವಾದ ದರವನ್ನು ತಾಳಿಕೊಳ್ಳಬಲ್ಲದು.

ಆದ್ದರಿಂದ ಬಹಳ ಯೋಚಿಸಿ ಈ ಮಾತನ್ನು ಬರೆಯುತ್ತಿದ್ದೇನೆ. ಚಿಗವ್ವನಿಗೂ ಓದಿ ಹೇಳಿದ್ದೇನೆ. ಎಂಟು ಗಂಟೆಗೆ ₹93 ಕೊಡುವ ಕೆಲಸವನ್ನು ಉಳಿಸಿಕೊಡಿ ಎಂದು ನಾನು ಕೇಳುವುದಿಲ್ಲ. ಸರಿಯಾದ ದರ ತಾಳಲಾರದ ಸಾದಾ ಬತ್ತಿ ಯಂತ್ರಕ್ಕೇ ಹೋಗಲಿ. ಆದರೆ ಆ ಯಂತ್ರದ ಮುಂದೆ ಕೂರುವ ಮೊದಲ ಹಕ್ಕು ಇಷ್ಟು ವರ್ಷ ಕೈಯಿಂದ ಹೊಸೆದವರದ್ದಾಗಲಿ, ಆ ಯಂತ್ರ ಅವರ ಗಲ್ಲಿಯಿಂದ ನಡೆದು ಹೋಗುವಷ್ಟು ದೂರದಲ್ಲಿರಲಿ. ಇದಕ್ಕೆ ಚಿಗವ್ವ ಹೇಳಿದ್ದು, "ಅತ್ತಿನ್ನ ಯಾರ ನೋಡ್ತಾರ ಅದನ್ನೂ ಬರಿ" ಎಂದು. ಅದನ್ನೂ ಬರೆದಿದ್ದೇನೆ. ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಮನೆ ಬಿಡಲಾಗದವರಿಗೆ ಮಸಾಲೆ ಬತ್ತಿಯ ಕೆಲಸವನ್ನು ಮೊದಲು ಕೊಡಬೇಕೆಂಬ ಏರ್ಪಾಡು ಸಾಧ್ಯವೇ ಎಂದು ತಾವು ವ್ಯಾಪಾರಿಗಳನ್ನು ಕರೆಸಿ ಕೇಳಬಹುದು.

ಅಷ್ಟರೊಳಗೆ ತಕ್ಷಣ ಆಗಬಹುದಾದದ್ದು ಒಂದು ಚೀಟಿ. ಸೊಲ್ಲಾಪುರದಲ್ಲಿ ಬೀಡಿ ಕಟ್ಟುತ್ತಿದ್ದ ನನ್ನ ಸೋದರತ್ತೆಯ ಹತ್ತಿರ ಎಲೆ, ತಂಬಾಕು, ಕೊಟ್ಟ ಬೀಡಿ, ತಳ್ಳಿದ ಬೀಡಿ ಎಲ್ಲವನ್ನೂ ಬರೆದ ಒಂದು ಪುಸ್ತಕವಿತ್ತು. 1966ರ ಬೀಡಿ ಕಾರ್ಮಿಕರ ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ಒಳಗೊಂಡಿತ್ತು, ಬೀಡಿಯನ್ನು ಎಷ್ಟರಮಟ್ಟಿಗೆ ತಳ್ಳಿಹಾಕಬಹುದು ಎಂಬುದಕ್ಕೂ ಅದರ ನಿಯಮಗಳಲ್ಲಿ ಮಿತಿಯಿತ್ತು. ಕೈಯ ಚಲನೆ ಬೇರೆಯಾದರೂ ಎರಡೂ ಒಂದೇ ಬಗೆಯ ಕೆಲಸ. ಬತ್ತಿಗೂ ಹಾಗೆಯೇ ಕೊಟ್ಟ ಪುಡಿ ಮತ್ತು ಕಡ್ಡಿಯ ತೂಕ, ಸಾವಿರದ ದರ, ಒಪ್ಪಿದ ಲೆಕ್ಕ, ತಳ್ಳಿದ ಲೆಕ್ಕ ಮತ್ತು ತಳ್ಳಿದ ಕಾರಣ ಬರೆದ ಚೀಟಿಯನ್ನು ಪ್ರತಿ ಸಲ ಕೊಡಬೇಕು. ಉದುರಿದ್ದಕ್ಕೆ ಪುಡಿಯ ದೋಷ ಕಾರಣವಾದರೆ ಕೂಲಿ ಕಡಿಯಬಾರದು. ಹಸಿಯಾದದ್ದನ್ನು ಒಣಗಿಸಿ ತರಲು ಹಿಂದಿರುಗಿಸಬೇಕು, ಇಟ್ಟುಕೊಂಡರೆ ಕೂಲಿ ಕೊಡಬೇಕು. ಇಂಥ ಒಂದು ಚೀಟಿ ಗುರುವಾರ ಚಿಗವ್ವನ ಕೈಯಲ್ಲಿದ್ದಿದ್ದರೆ ಆ 700ರ ಬಗ್ಗೆ ಅವಳು ಮಾತಾಡಬಹುದಾಗಿತ್ತು.

ಆರು ದಿನಗಳ ನೋಟುಪುಸ್ತಕ ನಮ್ಮ ಮನೆಯಲ್ಲಿದೆ. ತಮ್ಮ ಇಲಾಖೆಯಿಂದ ಯಾರಾದರೂ ಬಂದು ನೋಡುವುದಾದರೆ ಮೀಠೀ ನದಿಯ ಸೇತುವೆ ದಾಟಿ 90 ಅಡಿ ರಸ್ತೆಗೆ ಬಂದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಜುಲೈಯಲ್ಲಿ, ವಾರದ ಮಧ್ಯದ ದಿನ, ಮಧ್ಯಾಹ್ನ ಒಂದು ಗಂಟೆಯ ಒಳಗೆ ಬರಬೇಕೆಂದು ಕೋರುತ್ತೇನೆ. ಅದಾದ ಮೇಲೆ ಚಿಗವ್ವ ಚೀಲ ಹೊತ್ತು ಗೋದಾಮಿನ ಸರತಿಗೆ ಹೋಗಿರುತ್ತಾಳೆ.

ತಮ್ಮ ವಿಶ್ವಾಸಿ,
ಧಾರಾವಿಯ ಒಬ್ಬ ಬತ್ತಿ ಹೊಸೆಯುವವಳ ಮಗಳು